ಬಿಚ್ಚಿ ನೋಡಿದ್ದಕ್ಕೆ ಎರಡು ರೂಪಾಯಿ

ಎಪ್ಪತ್ತರ ದಶಕದಲ್ಲಿ ಸಿಂದಗಿಯ ಬಸ್ ಸ್ಟ್ಯಾಂಡ್ ಬದಿಗೆ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಒಂದು ಟೇಬಲ್, ಒಂದು ಮೀಟರ್, ಬೆಸುಗೆಯ ಹೊಗೆ. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಅಲ್ಲೇ ನಿಂತುಬಿಡುತ್ತೇನೆ.

ನಮ್ಮ ಮಂದಿಯದು ಒಂದು ಹಟ. ಹೊಸ ಸಾಮಾನು ಹಾಕಿದರೆ ರೊಕ್ಕ, ಹಾಕದಿದ್ದರೆ ಯಾತಕ್ಕೆ ಕೊಡುವುದು? ಟ್ರಾನ್ಸಿಸ್ಟರ್ ಬಿಚ್ಚಿ, ಒಂದು ತಾಸು ಹುಡುಕಿ, ಕಡಿದ ತಂತಿಗೆ ಬೆಸುಗೆ ಹಾಕಿ ಕೊಟ್ಟರೆ, ಏನು ಹಾಕಿದಿರಿ ಎಂದು ಕೇಳಿ ಚಹಾ ಕುಡಿಸಿ ಹೋಗುತ್ತಿದ್ದರು. ಬರುತ್ತಿದ್ದದ್ದು ಬಹುಪಾಲು ಅಂಥ ಸಣ್ಣ ಕೆಲಸವೇ. ಚಹಾ ಕುಡಿದು ಬಾಡಿಗೆ ಕಟ್ಟಲಾಗುತ್ತದೆಯೇ? ನಾನೂ ಜಾಣನಾದೆ. ಕೂಲಿಯನ್ನು ಸಾಮಾನಿನ ಬೆಲೆಯೊಳಗೆ ತುರುಕಿದೆ. ರೂಪಾಯಿಯ ಕಂಡೆನ್ಸರಿಗೆ ನಾಲ್ಕು ಹಚ್ಚಿ, ಕೂಲಿ ಬೇಡವೆಂದು ದೊಡ್ಡಸ್ತಿಕೆ ತೋರಿಸುತ್ತಿದ್ದೆ.

ಹೀಗೆ ರಿಪೇರಿ ಮಾಡಿಸಿಕೊಂಡ ಒಬ್ಬ ಸಾಲಿ ಮಾಸ್ತರರು ನಾನು ತೆಗೆದ ಹಳೆಯ ಕಂಡೆನ್ಸರನ್ನು ಕೇಳಿ ಇಸಿದುಕೊಂಡು ಹೋದರು. ಬಿಜಾಪುರದಲ್ಲಿ ಅದರ ದರ ವಿಚಾರಿಸಿಕೊಂಡು ಬಂದು ಗಿರಾಕಿಗಳ ಎದುರೇ ಟೇಬಲ್ ಮೇಲಿಟ್ಟರು.

“ರೂಪಾಯಿ ಸಾಮಾನಕ್ಕ ನಾಕು ತಗೊಂಡಿ. ಇದಕ್ಕ ಕಳವು ಅಂತಾರ.”

ನಾನು ಉರಿದುಬಿದ್ದು ಬಾಯಿಗೆ ಬಂದಂತೆ ಜಗಳಾಡಿದೆ. ಮಾತು ಊರೆಲ್ಲ ಹಬ್ಬಿ ಹದಿನೈದು ದಿನ ಒಂದೂ ರೇಡಿಯೋ ಬರಲಿಲ್ಲ. ಇನ್ನೊಂದು ತಿಂಗಳು ಹೀಗೇ ಹೋದರೆ ಅಂಗಡಿ ಬಾಗಿಲು ಹಾಕಬೇಕಿತ್ತು.

ಬಾಜೂ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಚಾಚಾ ಇದನ್ನೆಲ್ಲ ನೋಡುತ್ತಿದ್ದರು. ಒಂದು ಮಧ್ಯಾಹ್ನ ಮಷೀನು ನಿಲ್ಲಿಸಿ ಹೇಳಿದರು: “ನಾ ಅರಿವಿ ಮಾರಂಗಿಲ್ಲಪಾ, ಹೊಲಿಗಿ ಕೂಲಿ ಕೇಳ್ತೇನಿ. ನೀ ಯಾಕ ನಿನ್ನ ಕೈ ಕೆಲಸಾ ಸಾಮಾನದಾಗ ಮುಚ್ಚಿಡ್ತಿ? ಬಾಯಿ ಬಿಟ್ಟು ಕೇಳು.”

ಮರುದಿನವೇ ಹಲಗೆಯ ಮೇಲೆ ಬರೆದು ತೂಗುಹಾಕಿದೆ. ಬಿಚ್ಚಿ ನೋಡಲು ಎರಡು ರೂಪಾಯಿ; ತಂತಿ ಕಡಿದಿದ್ದರೆ ಅದರಲ್ಲೇ ಬೆಸುಗೆ. ಸಾಮಾನು ಬದಲಿಸಿದರೆ ಕೂಲಿ ಮೂರು, ಕೊಟ್ಟ ಎರಡು ಅದರಲ್ಲಿ ವಜಾ. ಸಾಮಾನಿಗೆ ಕೊಂಡ ಬೆಲೆಯ ಮೇಲೆ ರೂಪಾಯಿಗೆ ನಾಲ್ಕಾಣೆ, ಬಿಜಾಪುರದ ಬಸ್ ಚಾರ್ಜಿಗೂ ಕೆಟ್ಟು ಬರುವ ಸಾಮಾನಿನ ಲುಕ್ಸಾನಿಗೂ. ನಗು ಬರುತ್ತದೆ, ಅದೇ ಕಂಡೆನ್ಸರಿನ ಕೆಲಸ ಈಗ ಮೊದಲಿಗಿಂತ ನಾಲ್ಕಾಣೆ ಜಾಸ್ತಿಯೇ ಆಯಿತು. ಆದರೂ ಒಬ್ಬೊಬ್ಬರೇ ಬರತೊಡಗಿದರು.

ನಿಜವಾದ ಪರೀಕ್ಷೆ ಆದದ್ದು ದೇವಣಗಾಂವದ ಒಕ್ಕಲಿಗನೊಬ್ಬ ಬಂದ ದಿನ. ಅವನ ಸೆಟ್ಟಿಗೆ ನೀರು ಹೊಕ್ಕು ಒಳಗಿನ ತಂತಿ ಸುರುಳಿಯ ಕಾಯಿಲುಗಳೆಲ್ಲ ಹೋಗಿದ್ದವು. ರಿಪೇರಿ ಮಾಡಿಸಿದರೆ ಹೊಸ ಸೆಟ್ಟಿನ ಅರ್ಧ ಖರ್ಚು ಬರುತ್ತದೆ, ಬಾಳಿಕೆಯೂ ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಲಗೆಯ ಎರಡು ರೂಪಾಯಿ ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಸತ್ತ ಸೆಟ್ಟನ್ನು ಸತ್ತ ಹಾಗೆಯೇ ಮರಳಿ ಕೊಡುತ್ತಿದ್ದೆ. ಇರಲಿ ಹೋಗು ಎಂದುಬಿಟ್ಟೆ.

ಅವನು ಧೋತರದ ಗಂಟು ಬಿಚ್ಚಿ ಎರಡು ರೂಪಾಯಿ ಇಟ್ಟ.

“ಯಾಕ್ ಇರಲಿ? ನೀವು ಹೇಳದಿದ್ರ ನಾ ಇದಕ್ಕ ಐವತ್ತು ಸುರೀತಿದ್ನಿರಿ.”

ಏನೂ ಹಾಕದೆ, ಏನೂ ಸರಿಮಾಡದೆ ನಾನು ದುಡಿದ ಮೊದಲ ರೊಕ್ಕ ಅದು. ಕಣ್ಣು ತುಂಬಿ ಬಂತು. ಅವನು ಸೆಟ್ಟನ್ನು ಬಗಲಿಗೆ ಇರುಕಿಕೊಂಡು ಇಳಿದು ಹೋಗುವವರೆಗೂ ತಲೆ ಎತ್ತಲಿಲ್ಲ.