ಸದರಿ ಅರ್ಜಿದಾರಳಾದ ನಾನು

ಗುಬ್ಬಿ ತಾಲ್ಲೂಕು ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ನಮ್ಮಪ್ಪ ಅರ್ಜಿ ಬರೆದುಕೊಡುತ್ತಾರೆ. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ಕಳೆದುಹೋದ ರೇಷನ್ ಕಾರ್ಡು, ಹೀಗೆ ಮನುಷ್ಯನಿಗೆ ಬರಬಹುದಾದ ಕಷ್ಟಗಳೆಲ್ಲ ಅವರ ಕೈಯಲ್ಲಿ ಒಂದೇ ವಾಕ್ಯವಾಗುತ್ತವೆ. ಆ ವಾಕ್ಯಕ್ಕೆ ಪುಟದ ಕೊನೆ ಬರುವವರೆಗೆ ಪೂರ್ಣವಿರಾಮ ಬೀಳುವುದಿಲ್ಲ. ಇಂಥವರ ಮಗಳು ಸೈಕಾಲಜಿಯಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದಾಗ, ಮನೆಯಲ್ಲಿ ರಾಜ್ಯಾಭಿಷೇಕದ ಹಿಂದಿನ ದಿನದಂಥ ಗಾಂಭೀರ್ಯ ನೆಲೆಸಿತು.

ಕೆಲಸ ತುಮಕೂರಿನ ಒಂದು ಮಕ್ಕಳ ಬೆಳವಣಿಗೆ ಕ್ಲಿನಿಕ್ಕಿನಲ್ಲಿ. ಮಾತು ತಡವಾದ ಮಕ್ಕಳು, ಆಟಿಸಂ ಇರುವ ಮಕ್ಕಳು, ಕೂತಲ್ಲಿ ಕೂರದ ಮಕ್ಕಳು ಅಲ್ಲಿಗೆ ಬರುತ್ತಾರೆ. ಡಾಕ್ಟರಿಗೂ ಥೆರಪಿಸ್ಟಿಗೂ ಕೈಗೊಬ್ಬ ಸಹಾಯಕಿ ಬೇಕಾಗಿತ್ತು. ರೆಸ್ಯೂಮೆಯ ಜೊತೆ ಕವರಿಂಗ್ ಲೆಟರ್ ಇರಬೇಕು, ಅದು ಕನ್ನಡದಲ್ಲಿ, ಸ್ವಂತ ಕೈಬರಹದಲ್ಲಿ, ಒಂದೇ ಪುಟ ಎಂದು ಕೇಳಿದ್ದರು. ತಾಯಂದಿರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲು ಬರುವವಳು ಬೇಕಂತೆ.

ನಾನು ಬರೆದಿದ್ದು ಬಡಕಲಾಗಿತ್ತು. ಇಷ್ಟು ಓದಿದ್ದೇನೆ, ಒಂದು ಅಂಗನವಾಡಿಯಲ್ಲಿ ಕೂತು ಮಕ್ಕಳ ಆಟ ನೋಡಿ ಬರೆದಿದ್ದೇನೆ, ಪರೀಕ್ಷೆ ಮಾಡಿ ಇಂಥದ್ದೇ ತೊಂದರೆ ಎಂದು ಹೇಳುವ ಅರ್ಹತೆ ನನಗಿಲ್ಲ, ಅದು ಗೊತ್ತಿದೆ, ಸಾಮಾನು ಜೋಡಿಸಬಲ್ಲೆ, ನೆಲದ ಮೇಲೆ ಕೂರಬಲ್ಲೆ, ನೋಡಿದ್ದನ್ನು ಬರೆಯಬಲ್ಲೆ. ಅಪ್ಪ ಅದನ್ನು ಓದಿ ಕನ್ನಡಕ ತೆಗೆದರು.

"ಏನಮ್ಮಾ ಇದು, ಬರಲ್ಲ ಅನ್ನೋದೇ ಜಾಸ್ತಿ ಇದೆಯಲ್ಲ. ಅರ್ಜಿ ಹಿಂಗ್ ಬರೆದ್ರೆ ಸತ್ತೋನಿಗೂ ಡೆತ್ ಸರ್ಟಿಫಿಕೇಟ್ ಕೊಡಲ್ಲ."

"ಅಪ್ಪ, ಇದು ತಾಲ್ಲೂಕಾಫೀಸಲ್ಲ."

"ಎಲ್ಲಾ ತಾಲ್ಲೂಕಾಫೀಸೇ ಕಣಮ್ಮ. ಮೇಲ್ಗಡೆ ಒಂದು ಸಾಲು ನಂದಿರ್ಲಿ. ಕೆಳಗೆ ನೀನು ಏನಾದ್ರೂ ಬರ್ಕೋ."

ಆ ಒಂದು ಸಾಲನ್ನು ಅವರು ನಿಂತುಕೊಂಡು ಹೇಳಿದರು: "ಸದರಿ ಅರ್ಜಿದಾರಳಾದ ನಾನು ಮಕ್ಕಳ ಮನಸ್ಸನ್ನು ಕನ್ನಡಿಯಲ್ಲಿ ಕಂಡಂತೆ ಓದಬಲ್ಲೆನೆಂದು ಈ ಮೂಲಕ ದೃಢೀಕರಿಸುತ್ತೇನೆ." ನಾನು ಬರೆದುಕೊಂಡೆ. ಅವರ ಮುಂದೆ ಆ ಸಾಲನ್ನು ಹೊಡೆದುಹಾಕುವುದು ದಾನಶಾಸನದ ಕಲ್ಲು ಒಡೆದುಹಾಕಿದಷ್ಟು ಘೋರ. ಪುಟದ ಫೋಟೋ ತೆಗೆದು ಕಳಿಸಿದೆ.

ಸ್ವಲ್ಪ ದಿನಕ್ಕೆ ಥೆರಪಿಸ್ಟ್ ಮೇಡಂ ಫೋನ್ ಮಾಡಿ ಇಂಟರ್‌ವ್ಯೂಗೆ ಬನ್ನಿ ಎಂದರು. ಈ ಕೆಲಸ ಸಿಗದಿದ್ದರೆ ವಸಂತನರಸಾಪುರದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಮನುಷ್ಯರನ್ನು ಹಾಜರ್, ಗೈರುಹಾಜರ್ ಎಂದು ಎರಡೇ ಜಾತಿಯಾಗಿ ನೋಡುವ ಭವಿಷ್ಯ ಕಣ್ಣೆದುರಿಗಿಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಕ್ಲಿನಿಕ್ಕು ಒಂದು ಮನೆಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುತ್ತಿದ್ದ ಹಾಗೆ ಬೀದಿಯ ಸದ್ದು ಕಡಿಮೆಯಾಗುತ್ತ ಹೋಗಿ, ಕೊನೆಗೆ ಯಾರೋ ಕಿವಿಯ ಮೇಲೆ ಕೈಯಿಟ್ಟಂತಾಯಿತು. ಒಳಗೆ ನೆಲಕ್ಕೆಲ್ಲ ಮೆತ್ತನೆಯ ಚಾಪೆ, ನಡೆದರೂ ನಡೆದದ್ದು ನಮಗೇ ಗೊತ್ತಾಗುವುದಿಲ್ಲ. ಗೋಡೆಯಲ್ಲಿ ಗಡಿಯಾರದ ಜಾಗದಲ್ಲಿ ಬರೀ ಮೊಳೆ. ಟಿಕ್ ಟಿಕ್ ಸದ್ದು ಕೆಲವು ಮಕ್ಕಳಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗುತ್ತದೆ ಎಂದು ತೆಗೆದಿದ್ದರಂತೆ. ಟ್ಯೂಬ್‌ಲೈಟು ಗುಂಯ್‌ಗುಡುತ್ತದೆಂದು ಅದನ್ನೂ ತೆಗೆದಿದ್ದರು. ಆಟದ ರೂಮಿನ ಕಪಾಟುಗಳಿಗೆ, ಮಕ್ಕಳ ಗಮನ ಚದುರದಿರಲಿ ಎಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಬಟ್ಟೆಯ ಹಿಂದೆ ಗೊಂಬೆಗಳು ನಿಂತಿರುವುದು ಆಕಾರದಿಂದಲೇ ತಿಳಿಯುತ್ತಿತ್ತು. ಕಾರಣ ಪ್ರತಿಯೊಂದಕ್ಕೂ ಇತ್ತು, ಎಲ್ಲವೂ ಒಳ್ಳೆಯ ಕಾರಣವೇ. ಆದರೂ ಒಬ್ಬಳೇ ಅಲ್ಲಿ ಬಹಳ ಹೊತ್ತು ನಿಲ್ಲಲು ಮನಸ್ಸಾಗುವುದಿಲ್ಲ.

ಡಾಕ್ಟರು ವಯಸ್ಸಾದವರು. ಗಂಟಲು ಹಳೆಯ ಲಾರಿಯದು, ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು, ನಗುವಾಗ ಎರಡು.

"ಒಳಗೆ ಒಂದು ಮಗು ಇದೆ," ಎಂದರು. "ಸ್ವಲ್ಪ ಹೊತ್ತು ಜೊತೇಲಿರಿ. ಕಲಿಸೋದೂ ಬೇಡ, ಟೆಸ್ಟ್ ಮಾಡೋದೂ ಬೇಡ. ಆಮೇಲೆ ನೋಡಿದ್ದು, ಕೇಳಿದ್ದು ಬರ್ಕೊಡಿ. ನಿಮಗೆ ಅನ್ಸಿದ್ದನ್ನ ಕೆಳಗೆ ಬೇರೆ ಬರೀರಿ. ಎರಡನ್ನೂ ಬೆರೆಸ್ಬೇಡಿ." ಅವರೂ ಥೆರಪಿಸ್ಟ್ ಮೇಡಮ್ಮೂ ಮಗುವಿನ ತಾಯಿಯೂ ಪಕ್ಕದ ಕೋಣೆಯಲ್ಲಿ ಕೂತು ಕ್ಯಾಮೆರಾದ ಪರದೆಯಲ್ಲಿ ನಮ್ಮನ್ನು ನೋಡುತ್ತಾರೆ. "ಚಿತ್ರ ಬರುತ್ತೆ. ಸೌಂಡ್ ಬರಲ್ಲ."

ಮಗು ಹೆಣ್ಣು, ಆರು ವರ್ಷ ಇರಬಹುದು. ಕುಣಿಗಲ್ ತಾಲ್ಲೂಕು, ಹುಲಿಯೂರುದುರ್ಗದ ಕಡೆಯವರು. ನನ್ನ ಕಡೆ ನೋಡದೆ ಡಬ್ಬಿಯ ಮುಚ್ಚಳವೊಂದನ್ನು ಬುಗುರಿಯಂತೆ ತಿರುಗಿಸುತ್ತಿದ್ದಳು. ನಾನು ದೂರದಲ್ಲಿ ನೆಲದ ಮೇಲೆ ಕೂತೆ. ಬಾಗಿಲು ಮುಚ್ಚಿಕೊಂಡಿತು. ಮುಚ್ಚಳ ತಿರುಗಿ, ಓಲಾಡಿ, ನಿಂತಿತು. ಮಗು ಎದ್ದು ಬಾಗಿಲನ್ನು ನೋಡಿದಳು. ಆಮೇಲೆ ಒಂದು ಸಲ ಕೆಮ್ಮಿದಳು.

ಆ ಕೆಮ್ಮು ಡಾಕ್ಟರದು.

"ಸದರಿ ಅರ್ಜಿದಾರಳಾದ ನಾನು," ಎಂದಳು ಮಗು, "ಮಕ್ಕಳ ಮನಸ್ಸನ್ನು ಕನ್ನಡಿಯಲ್ಲಿ ಕಂಡಂತೆ ಓದಬಲ್ಲೆನೆಂದು ಈ ಮೂಲಕ ದೃಢೀಕರಿಸುತ್ತೇನೆ."

ನಮ್ಮಪ್ಪನ ಗದ್ಯವನ್ನು ಅಷ್ಟು ಶುದ್ಧ ಉಚ್ಚಾರಣೆಯಲ್ಲಿ ನಾನು ಬೇರೆಲ್ಲೂ ಕೇಳಿಲ್ಲ. ಗಂಟಲು ಮಗುವಿನದೇ, ಆದರೆ ತಡೆ, ಎಳೆತ, ಪದಗಳ ಮೇಲಿನ ಭಾರವೆಲ್ಲ ವಯಸ್ಸಾದ ಗಂಡಸಿನದು. ಎರಡು ಕೆಮ್ಮಿನ ನಗು ಬಂತು. ಮಾತು ಮುಂದುವರಿಯಿತು.

"ಕಣಿ ಹೇಳೋಳೇನ್ರೀ ಇವಳು. ಬೇಡ, ಫೈಲಿಗೆ ಹಾಕಿ." ಆಮೇಲೆ ಅದೇ ಬಾಯಿ, ಮುಖದ ಒಂದು ನರವೂ ಅಲುಗದೆ, ತೆಳುವಾದ ಹೆಂಗಸಿನ ಧಾಟಿಗೆ ಹೊರಳಿತು. "ಕೆಳಗಡೆ ಓದಿ ಸಾರ್. ಕೆಳಗೆ ಚೆನ್ನಾಗ್ ಬರ್ದವ್ಳೆ." ಮತ್ತೆ ಕೆಮ್ಮು. "ಏನು ಬರ್ದಿದ್ರೇನು. ನೋಡಣ ಬಿಡಿ."

ಬಟ್ಟೆಯ ಹಿಂದಿನ ಗೊಂಬೆಗಳೂ ಕೇಳಿಸಿಕೊಂಡಂತೆ ಕಂಡವು. ನನ್ನ ಬಗ್ಗೆ ನಾನಿಲ್ಲದಾಗ ಆಡಿದ ಮಾತನ್ನು, ಆಡಿದವರೇ ಇಲ್ಲದ ಕೋಣೆಯಲ್ಲಿ ನಾನು ಕೇಳುತ್ತಿದ್ದೆ. ಛಾವಣಿಯ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. ಅವರಿಗೆ ಕಾಣುತ್ತಿದ್ದದ್ದು ತುಟಿಯಾಡಿಸುವ ಒಂದು ಮಗು, ಕಲ್ಲಾಗಿ ಕೂತ ಒಬ್ಬ ಅರ್ಜಿದಾರಳು, ಅಷ್ಟೇ.

ಮಗು ಬಾಗಿಲನ್ನು ನೋಡಿ ಮೊದಲಿನಿಂದ ಶುರುಮಾಡಿದಳು. ಅದೇ ಕೆಮ್ಮು, ಅದೇ ನಗು, ಅದೇ ಜಾಗದಲ್ಲಿ ಉಸಿರು. ಮೂರನೆಯ ಸಲಕ್ಕೆ ಮಾತಿನ ವೇಗ ಹೆಚ್ಚಿತು, ಬೆರಳುಗಳು ಲಂಗದ ಅಂಚನ್ನು ಹಿಂಡತೊಡಗಿದವು. ನಾನು ಮಾತನ್ನು ಕೇಳುವುದು ಬಿಟ್ಟು ಕಣ್ಣನ್ನು ನೋಡಿದೆ. ಅದು ಬಾಗಿಲನ್ನು ಬಿಟ್ಟು ಕದಲುತ್ತಿರಲಿಲ್ಲ.

ಕೆಲವು ಮಕ್ಕಳು ತಾವು ಕೇಳಿದ ಮಾತನ್ನು ಇಡಿಯಾಗಿ ಎತ್ತಿಟ್ಟುಕೊಂಡಿರುತ್ತಾರೆ, ಎಷ್ಟೋ ದಿನದ ಮೇಲೆ ಹಾಗೇ ಇಳಿಸುತ್ತಾರೆ ಎಂದು ಓದಿದ್ದೆ. ಪದಗಳ ಅರ್ಥ ಅವರಿಗೆ ಬೇಕಾಗಿರುವುದಿಲ್ಲ. ಮೊದಲು ಕೇಳಿದ ಹೊತ್ತಿನಲ್ಲಿ ಏನಾಗಿತ್ತೋ ಅದೇ ಅರ್ಥವಾಗಿರುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದೆ. ಅದು ಎದುರಿಗೆ ಬಂದು ಕೆಮ್ಮುತ್ತದೆಂದು ಯಾರೂ ಹೇಳಿರಲಿಲ್ಲ.

ಏನೂ ಮಾಡಬೇಡಿ ಎಂದಿದ್ದರು. ಆದರೂ ಎದ್ದು ಹೋಗಿ ಬಾಗಿಲು ತೆರೆದೆ. "ಅಮ್ಮ ಬೇಕು," ಎಂದೆ, ಅವಳ ಪರವಾಗಿ. ಪಕ್ಕದ ಕೋಣೆಯಿಂದ ತಾಯಿ ಬಂದಳು. ಮಗು ಅವಳ ಸೆರಗನ್ನು ಹಿಡಿದುಕೊಂಡಳು. ಡಾಕ್ಟರ ಧ್ವನಿ ಅಲ್ಲಿಗೇ ನಿಂತಿತು, ರೇಡಿಯೋ ಆರಿಸಿದ ಹಾಗೆ.

ನನ್ನ ಕೈಗೆ ಒಂದು ಹಾಳೆ ಬಂತು. ಕಷ್ಟ ಶುರುವಾದದ್ದು ಆಗ. ಕೇಳಿದ್ದನ್ನು ಕೇಳಿದ ಹಾಗೇ ಬರೆದರೆ, ಕೆಲಸ ಕೊಡಬೇಕಾದ ಮನುಷ್ಯನ ಕೈಗೆ ಅವರದೇ ಗೇಲಿಯನ್ನು ಬರೆದುಕೊಟ್ಟಂತಾಗುತ್ತದೆ. "ಮಗು ಅಸ್ಪಷ್ಟವಾಗಿ ಏನೋ ಹೇಳಿತು" ಎಂದು ಬರೆದರೆ ಕೆಲಸ ಬಹುಶಃ ಸಿಗುತ್ತದೆ. ಸೌಂಡ್ ಬರುವುದಿಲ್ಲವಲ್ಲ, ಸಾಕ್ಷಿಯೂ ಇಲ್ಲ. ಅಪ್ಪನಾಗಿದ್ದರೆ ಆ ಗೇಲಿಯನ್ನು ಆಶೀರ್ವಚನವಾಗಿ ತಿದ್ದಿ ಬರೆಯುತ್ತಿದ್ದರು. ಆದರೆ ಆ ಮಗುವಿನ ಹತ್ತಿರ ಇದ್ದ ಮಾತು ಅದೊಂದೇ. ಅದನ್ನು ನಾನು ಬರೆಯದಿದ್ದರೆ ಅವಳು ಏನೂ ಹೇಳಲೇ ಇಲ್ಲ ಎಂದಾಗುತ್ತಿತ್ತು.

ಕೆಮ್ಮು ಸಹಿತ ಬರೆದೆ. ಕೆಳಗೆ ಬೇರೆಯಾಗಿ, "ಪ್ರತಿ ಸಲವೂ ಬಾಗಿಲನ್ನೇ ನೋಡಿದಳು. ತಾಯಿಯನ್ನು ಕೇಳುತ್ತಿರಬಹುದು. ಖಚಿತವಿಲ್ಲ. ಈ ಮಾತು ಮೊದಲು ಕಿವಿಗೆ ಬಿದ್ದಾಗ ತಾಯಿ ಎಲ್ಲಿದ್ದರು ಎಂದು ವಿಚಾರಿಸಬೇಕು" ಎಂದು ಸೇರಿಸಿದೆ.

ಡಾಕ್ಟರು ಓದಿದರು. ಕೆಮ್ಮು ಬಂದದ್ದನ್ನು ತಡೆದುಕೊಂಡರು. ಥೆರಪಿಸ್ಟ್ ಮೇಡಂ ಹಾಳೆಗೆ ಇಣುಕಿ, ಮೊಳೆ ಮಾತ್ರ ಇದ್ದ ಗೋಡೆಯಲ್ಲಿ ಟೈಮು ನೋಡತೊಡಗಿದರು.

"ಇದು ನಾನಂದಿದ್ದು."

"ಗೊತ್ತಾಯ್ತು ಸಾರ್."

"ಗೊತ್ತಾಗೂ ಬರೆದ್ರಾ?"

"ಕೇಳಿದ್ದು ಬರೀರಿ ಅಂದಿದ್ರಿ ಸಾರ್."

ಅವರು ತಾಯಿಯ ಕಡೆ ತಿರುಗಿ, ಹೋದ ವಾರ ಮಗುವನ್ನು ಬಿಟ್ಟು ಹೊರಗೆ ಹೋಗಿದ್ದಿರಾ ಎಂದು ಕೇಳಿದರು.

"ಹೂಂ ಸಾರ್, ಊರಿಂದ ಫೋನ್ ಬಂತು ಅಂತ ಹೋಗಿದ್ನಲ್ಲ. ನೀವು, ಮೇಡಮ್ಮು ಇಲ್ಲೇ ಏನೋ ಓದ್ಕೊಂಡು ನಗ್ತಿದ್ರಿ. ಗಾಳಿಗೆ ಬಾಗ್ಲು ಹಾಕ್ಕೊಂಬಿಡ್ತು. ಬರೋ ಹೊತ್ಗೆ ಗೋಡೆಗೆ ಅಂಟ್ಕೊಂಡು ನಿಂತಿದ್ಲು." ಆಕೆ ಧ್ವನಿ ತಗ್ಗಿಸಿದಳು. "ಅವತ್ತಿಂದ ಮನೇಲೂ ಇದೇ ಸಾರ್. ನಾನು ಹಿತ್ಲಿಗೆ ಹೋದ್ರೆ ಸಾಕು, ಒಳಗೆ ಗಂಡಸು ಮಾತಾಡ್ದಂಗಾಗುತ್ತೆ. ನಮ್ಮತ್ತೆ ದೊಣ್ಣೆ ತಗೊಂಡು ರೂಮೆಲ್ಲಾ ಹುಡುಕುದ್ರು. ಆಮೇಲೆ, ಯಾವಳೋ ಅರ್ಜಿದಾರಳು ಅನ್ನೋಳು ಮಗೀನ ಮೈಮೇಲೆ ಬತ್ತಾವ್ಳೆ ಅಂತ ತಾಯ್ತ ಕಟ್ಟಿಸಿದ್ರು. ಇಲ್ಲಿಗೆ ಬರೋದು ಬುಡು, ಅಮಾಸೆಗೆ ಬಿಡಿಸ್ಕೊಂಡು ಬರೋಣ ಅಂತವ್ರೆ."

ಹೇಳದೆ ಇರುವ ಹಾಗಿರಲಿಲ್ಲ. "ಅಕ್ಕ," ಎಂದೆ, "ಆ ಅರ್ಜಿದಾರಳು ನಾನೇ."

ಆಕೆ ಮಗುವನ್ನು ಎಳೆದುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನನ್ನ ಪಾದವನ್ನು ಅವಳು ನೋಡಿದ್ದು ನನಗೆ ಕಂಡಿತು. ಹಿಮ್ಮಡಿ ಹಿಂದಕ್ಕೇ ಇತ್ತು.

ಡಾಕ್ಟರು ಆಕೆಯನ್ನು ಕೂರಿಸಿ ನಿಧಾನವಾಗಿ ವಿವರಿಸಿದರು. ಯಾರೂ ಮೈಮೇಲೆ ಬಂದಿಲ್ಲ, ಅವತ್ತು ಅರ್ಜಿಯನ್ನು ಗಟ್ಟಿಯಾಗಿ ಓದಿದ್ದು ತಾವೇ, ಅದು ಮಗುವಿನ ಭಾಷೆಯಲ್ಲಿ ಅಮ್ಮ ಎಲ್ಲಿ ಎನ್ನುವ ಮಾತು ಎಂದರು. ಆ ಮಾತು ಬಂದಾಗಲೆಲ್ಲ ಎದುರಿಗೆ ಬಂದು "ಅಮ್ಮ ಬೇಕು" ಎಂದು ಅವಳಿಗೆ ಕೇಳುವಂತೆ ಹೇಳಿ, ಬಯ್ಯಬೇಡಿ, ಹೆದರಬೇಡಿ, ಅತ್ತೆಯವರನ್ನೂ ಮುಂದಿನ ವಾರ ಕರ್ಕೊಂಡು ಬನ್ನಿ ಎಂದರು. ತಾಯಿ ಕೇಳಿಸಿಕೊಂಡಳು. ಎಷ್ಟು ನಂಬಿದಳೋ ಗೊತ್ತಿಲ್ಲ. ಹೊರಡಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

ಡಾಕ್ಟರು ನನ್ನ ಹಾಳೆಯನ್ನು ಫೈಲಿಗೆ ಸೇರಿಸಿದರು. ಮಗುವಿನ ಫೈಲಿಗೆ. ಆಮೇಲೆ ಕೆಮ್ಮಿ ಹೇಳಿದರು: "ಸೋಮವಾರದಿಂದ ಬನ್ನಿ. ಇನ್ಮೇಲೆ ಯಾರ ವಿಷಯಾನೂ ಮಕ್ಕಳ ಮುಂದೆ ಮಾತಾಡೋದು ಬೇಡ. ನನಗೂ ಸೇರಿಸಿ ಹೇಳ್ತಿದೀನಿ."

ಸೆರಗಿನ ಮರೆಯಿಂದ ಆ ಮಗು ಅವರನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ಮೆಟ್ಟಿಲಿನ ಕಡೆ ನೋಡುತ್ತಿದ್ದಳು.

ಸೋಮವಾರ ಸೇರಿದೆ. ಗುರುವಾರ ಅವಳು ಬಂದಳು, ಜೊತೆಗೆ ಅಜ್ಜಿಯೂ. ಒಂದಷ್ಟು ಹೊತ್ತು ಆಡಿದಳು, ನಾನು ಮಣಿ ಪೋಣಿಸುವುದನ್ನು ಪಕ್ಕದಲ್ಲಿ ಕೂತು ನೋಡಿದಳು. ಸಾಕೆನಿಸಿದಾಗ ಎದ್ದು, ತನ್ನ ಚಪ್ಪಲಿಯನ್ನು ತಂದು ನನ್ನ ಮುಂದಿಟ್ಟು, ಒಂದು ಸಲ ಕೆಮ್ಮಿದಳು.

"ಸೋಮವಾರದಿಂದ ಬನ್ನಿ," ಎಂದಳು.

ಮನೆಗೆ ಹೋಗಬೇಕು ಎಂದರ್ಥ. ನಾನು ಚಪ್ಪಲಿ ಹಾಕಿಸಿದೆ.