ಮೂಗಿನ ಮಾತು

ಅಡುಗೆಮನೆಯಲ್ಲಿ ಹಾಲು ಚುಂಯ್ ಎಂದು ಉಕ್ಕಿ ಒಲೆಗೆ ಸುರಿಯಿತು.

“ಸೀದ ವಾಸನಿ ಓಣಿ ತುಂಬೈತಿ, ಅಲ್ಲೇ ಕುಂತೀರಿ! ಮೂಗ ಎಲ್ಲಿ ಇಟ್ಟು ಬಂದೀರಿ?” ಹಿತ್ತಲಿನಿಂದ ಓಡಿಬಂದ ಶಮಶಾದಬಿ ಗದರಿದಳು.

ಇಬ್ರಾಹಿಂಸಾಬ ನಕ್ಕಂತೆ ಮಾಡಿದ. ದಸರೆಯ ಮುಂಚಿನ ಜ್ವರದಲ್ಲಿ ಮೂಗು ಸತ್ತುಹೋಗಿದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಇಳಕಲ್ಲಿನಲ್ಲಿ ಅವನಂತೆ ಚಸ್ಮಾ ರಿಪೇರಿ ಮಾಡುವವರು ಹಲವರಿದ್ದಾರೆ. ಆದರೆ ಹಳೆಯ ಚಸ್ಮಾ, ತಲೆ ಬಾಚುವ ಹಣಿಗೆ, ನಶ್ಯದ ಡಬ್ಬಿಗಳಲ್ಲಿ ಆಮೆಯ ಚಿಪ್ಪು ಯಾವುದು, ಚಿಪ್ಪಿನಂತೆ ಕಾಣುವ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ಯಾವುದು ಎಂದು ಹೇಳಲು ಬಾಗಲಕೋಟೆಯ ವ್ಯಾಪಾರಿ ಶಂಕ್ರಪ್ಪ ನಂಬಿದ್ದು ಇವನೊಬ್ಬನನ್ನೇ. ಮುಂಬೈಯಲ್ಲಿ ಉಸ್ತಾದ್ ಕಲಿಸಿದ್ದು ಸರಳ: ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕು, ಮೂಸು. ಕರ್ಪೂರದ ವಾಸನೆ ಬಂದರೆ ಸುಳ್ಳು ಚಿಪ್ಪು. ಅದಕ್ಕೆ ಕಾದ ಸೂಜಿ ಮುಟ್ಟಿಸಬೇಡ.

ಆ ಮಧ್ಯಾಹ್ನ ನೇಕಾರರ ಓಣಿಯ ರತ್ನಾಬಾಯಿ ಸೆರಗಿನಲ್ಲಿ ಸುತ್ತಿದ ಹಣಿಗೆ ತಂದಳು.

“ನಮ್ಮವ್ವಂದು, ಕಾಕಾ. ನೀವು ಖರೆ ಅಂದ್ರ ಶಂಕ್ರಪ್ಪ ತಗೋತಾನಂತ. ಕೊಡಾಕ ಮನಸಿಲ್ಲ. ಆದ್ರ ಮಗ್ಗ ನಿಂತು ಮೂರು ತಿಂಗಳಾತು.”

ಅವನು ಭೂತಗನ್ನಡಿ ಹಿಡಿದ. ಚಿಪ್ಪಾದರೆ ಕಂದು ಮಚ್ಚೆಗಳು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತವೆ. ಸುಳ್ಳಾದರೆ ಬಣ್ಣ ನೀರಿನಲ್ಲಿ ಶಾಯಿ ಹರಿದ ಹಾಗೆ. ಈ ಹಣಿಗೆಯೋ ಬರೀ ಕಪ್ಪು. ಬೆಳಕಿಗೆ ಹಿಡಿದರೂ ಏನೂ ಒಡೆದು ಕಾಣಲಿಲ್ಲ. ತಿಕ್ಕಿದ, ಮೂಸಿದ. ಏನೂ ಇಲ್ಲ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ‘ಗೊತ್ತಾಗವಲ್ದು’ ಎಂಬ ಒಂದು ಮಾತು ಅವನ ಬಾಯಿಗೆ ಬರಲಿಲ್ಲ.

ಸೂಜಿಯನ್ನು ದೀಪಕ್ಕೆ ಹಿಡಿದು ಕೆಂಪಗೆ ಕಾಯಿಸಿದ. ಖರೆ ಚಿಪ್ಪಾದರೆ ಕೂದಲು ಸುಟ್ಟ ನಾತ ಬರುತ್ತದೆ, ಅವಳೇ ಮೂಗು ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡ. ಹಲ್ಲುಗಳ ಬುಡಕ್ಕೆ ತಾಗಿಸಿದ.

ಭುಗ್ಗೆಂದಿತು. ಕೈಯಿಂದ ಜಾರಿದ ಹಣಿಗೆ ನೆಲದ ಮೇಲೆ ಉರಿಯಿತು. ಚೊಂಬಿನ ನೀರು ಸುರಿಯುವಷ್ಟರಲ್ಲಿ ಮೂರೇ ಹಲ್ಲು ಉಳಿದಿದ್ದವು.

ಇಬ್ರಾಹಿಂಸಾಬ ಕುಕ್ಕರುಗಾಲಿನಲ್ಲಿ ಕೂತು ನೆಲದ ನೀರು ಒರೆಸತೊಡಗಿದ.

“ಸುಳ್ಳಿಂದು, ಮಗಳ.”

“ಹೋಗ್ಲಿ ಬಿಡ್ರಿ. ಬ್ಯಾಡ ಅಂದಿದ್ರ ಮನಿಗೆ ಒಯ್ತಿದ್ದೆ, ತಲಿ ಬಾಚಾಕರ ಆಗ್ತಿತ್ತು.” ಅವಳು ಮೂರು ಹಲ್ಲು ಆರಿಸಿಕೊಂಡಳು. “ನೀವು ತಿಕ್ಕಿದಾಗ ಕರ್ಪೂರ ಘಮ್ಮಂತಲ್ಲ, ಅದೇನ್ರಿ ಕಾಕಾ?”

ಅವನು ಒರೆಸುವುದನ್ನು ಬಿಟ್ಟು ತಲೆಯೆತ್ತಿದ.

“ನಿನಗ ಬಂತಾ?”

“ಬರದೇನು? ಟ್ರಂಕಿನ್ಯಾಗಿಂದ ತಗದಾಗೂ ಬರ್ತಿತ್ತು. ನೀವು ಸುಮ್ನಿದ್ರಿ. ದೊಡ್ಡವರು, ನಿಮಗ ಗೊತ್ತಿರ್ತೈತಂತ ನಾನೂ ಸುಮ್ನಾದೆ.”

ಇಬ್ರಾಹಿಂಸಾಬ ಭೂತಗನ್ನಡಿಯನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ. ಮೆಟ್ಟು ಮೆಟ್ಟಿದ.

“ಶಂಕ್ರಪ್ಪಗ ಏನಂತ ಹೇಳ್ಲಿ ಕಾಕಾ? ಶುಕ್ರವಾರ ಮತ್ತೊಂದಿಷ್ಟು ಸಾಮಾನು ನಿಮ್ಮ ಕಡೆ ಕಳಸ್ತಾನಂತ, ಅದನ್ನರ…”

ಅವಳು ಹೇಳುತ್ತಲೇ ಇದ್ದಳು. ಅವನು ಹೊಸ್ತಿಲು ದಾಟಿ, ಬಿಸಿಲಿನಲ್ಲಿ, ಶಂಕ್ರಪ್ಪನ ಊರಿಗೆ ಬಸ್ಸು ಹೊರಡುವ ನಿಲ್ದಾಣಕ್ಕೆ ಬೆನ್ನು ಹಾಕಿ ನಡೆದುಬಿಟ್ಟ.