ಅಬಕ, ಏಳನೆಯ ತರಗತಿ

ರಾಣೆಬೆನ್ನೂರಿನ ಸ್ಟೇಷನ್ ಕಡೆ ಒಂದು ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಜನ ಮಾತಿನ ನಡುವೆ ಬಾಯಿ ಹಾಕಿ ಮನೆಯವರು ಏನು ಮಾಡುತ್ತಾರೆ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಎರಡೂ ಇಲ್ಲ. ಹಾವೇರಿಯಲ್ಲಿ ಒಬ್ಬ ತಂಗಿ ಇದ್ದಾಳೆ. ಹಬ್ಬ ಬಂದಾಗ ಫೋನ್ ಮಾಡುತ್ತಾಳೆ, ಊಟ ಆಯಿತೇ ಎನ್ನುತ್ತಾಳೆ, ಆಯಿತು ಎನ್ನುತ್ತೇನೆ. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ.

ನನ್ನ ಶಾಲೆ ಇರುವುದು ಬ್ಯಾಡಗಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ. ಏಳನೆಯವರೆಗಿನ ಸರ್ಕಾರಿ ಶಾಲೆ, ನಾನು ಕನ್ನಡ ಟೀಚರು. ಹಳ್ಳಿಗೆ ಒಂದೂವರೆ ಕಿಲೋಮೀಟರ್ ಮೊದಲು, ರಸ್ತೆಯ ಪಕ್ಕದಲ್ಲೇ, ಮೂವತ್ತು ನಲವತ್ತು ಮನೆಗಳ ಒಂದು ಪ್ಲಾಟ್ ಇದೆ. ಮನೆಯಿಲ್ಲದವರಿಗೆ ಸರ್ಕಾರ ಜಾಗ ಕೊಟ್ಟು ಕಟ್ಟಿಸಿದ್ದು. ಅದಕ್ಕೊಂದು ಹೆಸರಿದೆ, ಆದರೆ ಎಲ್ಲರೂ ಪ್ಲಾಟ್ ಎಂದೇ ಕರೆಯುತ್ತಾರೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಹಾಗಾಗಿ ಸಂಜೆ ನಾನು ಬಸ್ಸಿನಲ್ಲಿ ವಾಪಸ್ಸು ಹೋಗುವಾಗ ನನ್ನದೇ ಮಕ್ಕಳು ಚೀಲ ಹೊತ್ತು ರಸ್ತೆಯಂಚಿನಲ್ಲಿ ನಡೆಯುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಮೊದಮೊದಲು ಕೈ ಬೀಸುತ್ತಿದ್ದೆ. ಆಮೇಲೆ ನಾಚಿಕೆಯಾಗಿ ಆ ಒಂದೂವರೆ ಕಿಲೋಮೀಟರ್ ಫೋನ್ ನೋಡುತ್ತ ಕೂರುವುದನ್ನು ಕಲಿತೆ.

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಏಳನೆಯ ತರಗತಿಗೆ ವ್ಯಾವಹಾರಿಕ ಪತ್ರದ ಪಾಠ ಬಂತು. ಈ ಪಾಠಕ್ಕೆ ನನ್ನದೊಂದು ಹಳೆಯ ಚಾರ್ಟ್ ಇದೆ. ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಒಂದು ಮಾದರಿ ಪತ್ರ, ಕುಡಿಯುವ ನೀರು ಬೇಕೆಂದು ಪಂಚಾಯಿತಿಗೆ ಬರೆದದ್ದು. ಪ್ರತಿ ಭಾಗಕ್ಕೂ ಕೆಂಪು ಬಾಣ, ಬಾಣದ ತುದಿಗೆ ಅದರ ಹೆಸರು: ಬರೆಯುವವರ ವಿಳಾಸ, ಯಾರಿಗೆ ಬರೆಯುತ್ತೇವೋ ಅವರ ಹುದ್ದೆ ಮತ್ತು ವಿಳಾಸ, ಸಂಬೋಧನೆ, ವಿಷಯ, ಒಕ್ಕಣೆ, ವಂದನೆ, ಸ್ಥಳ ಮತ್ತು ದಿನಾಂಕ, ಸಹಿ. ಒಕ್ಕಣೆಯಲ್ಲಿ ಮೂರು ಮಾತು ಬರಬೇಕು ಎಂದು ಹೇಳಿಕೊಡುತ್ತೇನೆ. ನಾವು ಯಾರು, ನಮ್ಮ ತೊಂದರೆ ಏನು, ನೀವು ಏನು ಮಾಡಬೇಕು. ಮಕ್ಕಳು ಅದನ್ನು ಕಂಠಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ನೀರು ಮಾತ್ರ ಇವತ್ತಿಗೂ ಬಂದಿಲ್ಲ.

ಆ ಸಲ ಯಾಕೋ ಬೇಸರ ಬಂದಿತ್ತು. ಚಾರ್ಟ್ ತೂಗುಹಾಕಿ ಕೇಳಿದೆ, "ಈ ಸರ್ತಿ ಸುಳ್ಳ ಪತ್ರ ಬ್ಯಾಡ, ಖರೇ ಪತ್ರ ಬರಿಯೂಣು. ನಿಮಗ ಖರೇನ ಏನ ಬೇಕಾಗೇತಿ ಹೇಳ್ರಿ."

ಕ್ರಿಕೆಟ್ ಬ್ಯಾಟು, ಚಿಕ್ಕಿ, ಭಾನುವಾರದ ಹಾಗೆ ಸೋಮವಾರವೂ ಸೂಟಿ ಎಂದೆಲ್ಲ ಬಂತು. ಕೊನೆಗೆ ಮೂರನೆಯ ಸಾಲಿನಲ್ಲಿ ಪ್ಲಾಟಿನ ಒಬ್ಬ ಹುಡುಗಿ ಎದ್ದು ನಿಂತಳು. ಮುತ್ತಿನಂಥ ಅಕ್ಷರದವಳು, ಮಾತು ಕಡಿಮೆ.

"ನಮ್ಮ ಪ್ಲಾಟಿಗೆ ಬಸ್ ನಿಲ್ಲಬೇಕ್ರಿ ಟೀಚರ."

"ಯಾಕ? ನಡದು ಬರಾಕತ್ತಿಯಲ್ಲ?"

"ಈ ಸಾಲಿಗೆ ಬರಾಕಲ್ರಿ. ಮುಂದಿನ ವರ್ಷ ಬ್ಯಾಡಗಿ ಹೈಸ್ಕೂಲಿಗೆ ಹೋಗಾಕ್ರಿ. ಸಂಜೀ ಬಸ್ ಊರಾಗ ಇಳಿಸಿದ್ರ ಅಲ್ಲಿಂದ ನಡಿಯೂದ್ರಾಗ ಕತ್ಲಾಗತೈತಿ, ಲಾರಿ ರೋಡು, ಬ್ಯಾಡ ಅಂತಾಳ್ರಿ ಅವ್ವ. ಬಸ್ ಮನಿ ಮುಂದ ನಿಂತ್ರ ಕಳಸ್ತೀನಿ ಅಂದಾಳ. ಇಲ್ಲಂದ್ರ ಆಕೀ ಕೂಡ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗೂದ್ರಿ."

ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಪ್ಲಾಟಿನ ಹೆಂಗಸರು ಟೆಂಪೊ ತುಂಬ ಹೋಗುತ್ತಾರೆ. ಆ ಶಾಲೆಯಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ. ಅಷ್ಟು ವರ್ಷಗಳಲ್ಲಿ ಪ್ಲಾಟಿನಿಂದ ಎಂಟನೆಯ ತರಗತಿಗೆ ಹೋದ ಹುಡುಗಿ ಒಬ್ಬಳೂ ಇಲ್ಲ ಎಂಬುದು ಅವಳು ಹೇಳುವವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಬರಲಿಲ್ಲವೋ, ಬರಗೊಡಲಿಲ್ಲವೋ, ಈಗ ಹೇಳಲಾರೆ.

ಬಸ್ ಡಿಪೋ ವ್ಯವಸ್ಥಾಪಕರಿಗೆ ಬರೆಯುವುದೆಂದು ತೀರ್ಮಾನವಾಯಿತು. ಎಲ್ಲರೂ ಒಂದೊಂದು ಕರಡು ಬರೆದರು. ಒಬ್ಬ ಮಹಾನುಭಾವ ಚಾರ್ಟಿನ ಬಾಣಗಳನ್ನೂ ಬಿಡದೆ ಬರೆದಿದ್ದ. ಇನ್ನೊಬ್ಬ ಸಾಹೇಬರ ಆರೋಗ್ಯ ವಿಚಾರಿಸಿದ್ದ. ಅದು ಅಜ್ಜನಿಗೆ ಬರೆಯುವ ಪತ್ರದಲ್ಲಿ ಬರುವ ಮಾತು, ಇಲ್ಲಿ ಬೇಡ ಎಂದೆ. ವಿಷಯ ಒಂದೇ ಸಾಲಿನಲ್ಲಿರಬೇಕು, ಸಾಹೇಬರು ಅದನ್ನು ಓದಿಯೇ ಪತ್ರ ಯಾವ ಗುಮಾಸ್ತರಿಗೆ ಕಳಿಸಬೇಕೆಂದು ನಿರ್ಧರಿಸುತ್ತಾರೆ ಎಂದೆ. ಬೈಗುಳ ಬೇಡ, ಅಳುವುದೂ ಬೇಡ, ಬೇಕಾದದ್ದನ್ನು ಕೇಳಿ ಎಂದೆ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಿಗೆ ಕೋರಿಕೆ ನಿಲುಗಡೆ, ಅಂದರೆ ಕೈ ಮಾಡಿದರೆ ಅಥವಾ ಇಳಿಯುತ್ತೇವೆಂದರೆ ನಿಲ್ಲಿಸುವಂಥದ್ದು. ಇಷ್ಟೇ ನಮ್ಮ ಬೇಡಿಕೆ. ಎಲ್ಲ ಕರಡುಗಳಿಂದ ಒಳ್ಳೆಯ ಸಾಲುಗಳನ್ನು ಬೋರ್ಡಿನ ಮೇಲೆ ಸೇರಿಸಿದೆವು. ಆ ಹುಡುಗಿ ಬಿಳಿ ಹಾಳೆಯಲ್ಲಿ ಶುದ್ಧಪ್ರತಿ ತೆಗೆದಳು. ನಾನು ಓದಿ, ಚೆಂದ ಐತಿ ಎಂದು ಮಡಚಿ ಲಕೋಟೆಗೆ ಹಾಕಿಕೊಟ್ಟೆ. ಲಕೋಟೆಯ ಮೇಲೂ ಅವಳೇ ಬರೆದಳು. ಇಡೀ ತರಗತಿ ಮೆರವಣಿಗೆಯಲ್ಲಿ ಹೋಗಿ ಊರಿನ ಅಂಚೆ ಡಬ್ಬಿಗೆ ಹಾಕಿತು.

ಆಮೇಲೆ ಕಾಯುವುದು ಶುರುವಾಯಿತು. ಮಕ್ಕಳು ನಾಲ್ಕು ದಿನ ಕಾದು ಮರೆತರು. ಹುಡುಗಿ ಮರೆಯಲಿಲ್ಲ, ನಾನೂ ಮರೆಯಲಿಲ್ಲ. ಪೋಸ್ಟ್‌ಮನ್ನನ ಬೈಕು ಗೇಟಿನ ಮುಂದೆ ನಿಧಾನವಾದರೆ ಪಾಠ ಮಾಡುತ್ತಲೇ ನನ್ನ ಕಿವಿ ಅತ್ತ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಆ ದಿನಗಳು ನನಗೆ ಹಿತವಾಗಿದ್ದವು. ಬೆಳಿಗ್ಗೆ ಎದ್ದು ಒಬ್ಬಳಿಗೆ ಅವಲಕ್ಕಿ ಕಲಸಿಕೊಳ್ಳುವಾಗ, ಇವತ್ತು ಬರಬಹುದು ಎಂದು ಅಂದುಕೊಳ್ಳಲು ಏನೋ ಒಂದು ಇತ್ತು. ನನಗಾಗಿ ಅಂಚೆಯಲ್ಲಿ ಬರುವುದು ವಿಮೆಯ ನೋಟೀಸು ಮಾತ್ರ.

ಮೂರು ವಾರವಾದರೂ ಉತ್ತರವಿಲ್ಲ. ಹುಡುಗಿ ಕೇಳುವುದನ್ನು ಬಿಟ್ಟಳು. ಒಂದು ದಿನ ಅವಳ ತಾಯಿ ಶಾಲೆಗೆ ಬಂದು, "ಪರೀಕ್ಷಾ ಮುಗದ ಕೂಡ್ಲೆ ಟೀಸಿ ಕೊಟ್ಟಬಿಡ್ರಿ, ಮನ್ಯಾಗ ಇರ್ಲಿ," ಎಂದು ಹೇಳಿ ಹೋದಳು. ಆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸಿಟ್ಟು ತಲೆಗೇರಿಸಿಕೊಂಡು ನಾನೇ ಡಿಪೋಗೆ ಹೋದೆ. ಮಕ್ಕಳ ಪತ್ರ ಅಂದರೆ ಇವರಿಗೆ ಆಟವಾಗಿದೆ ಎಂದು ದಾರಿಯುದ್ದಕ್ಕೂ ಒಳ್ಳೆಯ ಮಾತುಗಳನ್ನು ಹೊಂದಿಸಿಕೊಂಡಿದ್ದೆ.

ಗುಮಾಸ್ತರು ವಯಸ್ಸಾದವರು. ನನ್ನ ಮಾತನ್ನೆಲ್ಲ ಕೇಳಿ, ಕುರ್ಚಿ ತೋರಿಸಿ, ಕಪಾಟಿನಿಂದ ಒಂದು ಫೈಲು ತೆಗೆದು ಪತ್ರವನ್ನು ನನ್ನ ಮುಂದೆ ಇಟ್ಟರು. ಬಂದ ತಾರೀಖಿನ ಸೀಲು, ಒಳಬಂದ ನಂಬರು, ಎಲ್ಲ ಅಚ್ಚುಕಟ್ಟಾಗಿತ್ತು.

"ಕುಂದ್ರಿ ಮೇಡಂರ. ಸಾಹೇಬ್ರು ಓದ್ಯಾರ. ಚೊಲೋ ಬರದಾರ, ನೋಡ್ರಿ ಅಂತ ನನಗ ಕೊಟ್ಟಾರ. ಆದ್ರ ಇದು ಎಲ್ಲಿ ಐತಿ ಅನ್ನೂದ ತಿಳೀಲಿಲ್ಲರಿ."

ಓದಿದೆ. ಇಂದ, ಅಬಕ, ಏಳನೆಯ ತರಗತಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಖಗ ಊರು. ಒಳಗೆ, ನಮ್ಮ ಊರಿನ ಪ್ಲಾಟಿಗೆ ಬಸ್ಸು ನಿಲ್ಲುವುದಿಲ್ಲ. ಕೆಳಗೆ, ಸ್ಥಳ: ಕಖಗ. ಸಹಿ: ಅಬಕ. ಲಕೋಟೆಯ ಹಿಂದೆಯೂ ಅದೇ.

ಪರೀಕ್ಷೆಯಲ್ಲಿ ಮಕ್ಕಳು ಸ್ವಂತ ಹೆಸರು, ಊರು ಬರೆಯಬಾರದು, ಗುರುತು ಸಿಗಬಾರದು. ಹಾಗಾಗಿ ನನ್ನ ಚಾರ್ಟಿನಲ್ಲೂ ಅಬಕ, ಕಖಗ. ಇಪ್ಪತ್ತೆರಡು ವರ್ಷ ಉತ್ತರ ಪತ್ರಿಕೆ ತಿದ್ದಿದ ಕಣ್ಣು ಅದನ್ನು ಸರಿ ಎಂದು ದಾಟಿಸಿಬಿಟ್ಟಿತ್ತು. ಅಷ್ಟೇ ಅಲ್ಲ, ಮೇಲೆ ಮೂಲೆಯಲ್ಲಿ ನನ್ನ ಕೆಂಪು ಶಾಯಿಯ ಒಂದು ಸಣ್ಣ ಸರಿ ಗುರುತೂ ಇತ್ತು. ಹಾಕಿದ್ದು ನನಗೆ ನೆನಪೇ ಇಲ್ಲ.

"ಪೋಸ್ಟಿನ ಠಸ್ಸೆ ಅಳಸಿತ್ರಿ," ಎಂದರು ಗುಮಾಸ್ತರು. "ಪ್ಲಾಟಂತೂ ಊರಿಗೊಂದ ಅದಾವ. ಈಗ ನೀವ ಒಂದ ಅರ್ಜಿ ಬರದ ಕೊಡ್ರಿ, ಮುಂದ ಕಳಸ್ತೇನಿ."

ಪೆನ್ನನ್ನೂ ಕೊಟ್ಟರು. ಐದು ನಿಮಿಷದ ಕೆಲಸ. ಹಾಳೆಯ ಮೇಲೆ ಇಂದ ಎಂದು ಬರೆದು ಕೂತೆ, ಮುಂದೆ ಹೋಗಲಿಲ್ಲ. ಇದು ನನ್ನ ಅರ್ಜಿಯಲ್ಲ. ಸೋಮವಾರ ತರುತ್ತೇನೆ ಎಂದು ಎದ್ದೆ.

ಸೋಮವಾರ ತರಗತಿಯಲ್ಲಿ ತಪ್ಪು ನನ್ನದು ಎಂದು ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಡುಗಿ ನಗಲಿಲ್ಲ. ಅವಳ ಮುಂದೆ ಬಿಳಿ ಹಾಳೆ ಇಟ್ಟು, ನಿನ್ನ ಹೆಸರು ಬರೆ ಎಂದೆ.

"ನಂದೇ ಬರೀಲೇನ್ರಿ? ಮನಿಗೆ ಯಾರರ ಬಂದ್ರ?"

"ಮಂದಿ ಬರೂದಿಲ್ಲ. ಕಾಗದ ಬರತೈತಿ."

ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಆಮೇಲೆ ತನ್ನ ಹೆಸರು, ಪ್ಲಾಟಿನ ನಿಜವಾದ ಹೆಸರು, ಊರು, ತಾಲ್ಲೂಕು, ಪಿನ್ ನಂಬರು, ಎಲ್ಲವನ್ನೂ ಒಂದರ ಕೆಳಗೊಂದು ಬರೆದಳು. ಒಕ್ಕಣೆಯಲ್ಲಿ ಯಾವ ಊರುಗಳ ನಡುವೆ, ಯಾವ ರಸ್ತೆಯಲ್ಲಿ, ಯಾವ ಎರಡು ಬಸ್ಸು ಎಂದು ಬಂತು. ಹಳೆಯ ಪತ್ರದ ದಿನಾಂಕವೂ ಬಂತು. ಈ ಹೊಸ ಪತ್ರವನ್ನು ನಾನು ಕೈಯಾರೆ ಡಿಪೋಗೆ ಮುಟ್ಟಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದೆ ಎಂಬ ಸೀಲು ಹಾಕಿಸಿಕೊಂಡು ಬಂದೆ.

ಉತ್ತರ ಮಾರ್ಚಿನಲ್ಲಿ ಬಂತು, ಶಾಲೆಗಲ್ಲ, ಪ್ಲಾಟಿಗೆ, ಅವಳ ಹೆಸರಿಗೆ. ಮರುದಿನ ಅವಳು ಅದನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಂದು ತರಗತಿಗೆ ಓದಿದಳು. ವಿಷಯ ಇತ್ತು, ಅದರ ಕೆಳಗೆ ಉಲ್ಲೇಖ ಎಂದು ಅವಳ ಪತ್ರದ ದಿನಾಂಕ ಇತ್ತು. ನನ್ನ ಚಾರ್ಟಿನಲ್ಲಿ ಉಲ್ಲೇಖ ಇಲ್ಲವೆಂದು ಮಕ್ಕಳೇ ಹಿಡಿದರು. ಹೊಸ ಶೈಕ್ಷಣಿಕ ವರ್ಷದಿಂದ ಎರಡೂ ಬಸ್ಸುಗಳಿಗೆ ಕೋರಿಕೆ ನಿಲುಗಡೆ ನೀಡಲಾಗಿದೆ, ಚಾಲಕರಿಗೆ ಸೂಚಿಸಲಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು, ಸುಳ್ಳಲ್ಲ. ಆದರೆ ಆ ಸಂಜೆ ಕೋಣೆಗೆ ಬಂದು ಬೀಗ ತೆಗೆದಾಗ, ನಾಳೆಗೆ ಕಾಯುವುದು ಏನೂ ಉಳಿದಿಲ್ಲ ಎಂದು ಗೊತ್ತಾಗಿ, ದೀಪ ಹಾಕದೆ ಸ್ವಲ್ಪ ಹೊತ್ತು ಮಂಚದ ಮೇಲೆ ಕೂತೆ. ತಂಗಿಗೆ ಫೋನ್ ಮಾಡಿದೆ. ಯಾಕೆ, ಏನಾಯಿತು ಎಂದು ಗಾಬರಿಯಾದಳು. ಏನಿಲ್ಲ ಎಂದು ಇಟ್ಟೆ.

ಶಾಲೆ ಶುರುವಾದ ದಿನ ಬೆಳಿಗ್ಗೆ ರಾಣೆಬೆನ್ನೂರಿನಿಂದ ಅದೇ ಬಸ್ಸಿನಲ್ಲಿ ಬಂದೆ. ಫೋನನ್ನು ಚೀಲದಲ್ಲಿ ಇಟ್ಟಿದ್ದೆ. ಪ್ಲಾಟಿನ ಮುಂದೆ ಡ್ರೈವರ್ ಬ್ರೇಕ್ ಹಾಕಿದ. ರಸ್ತೆಯಂಚಿನಲ್ಲಿ ಒಬ್ಬಳಲ್ಲ, ಮೂವರು ನಿಂತಿದ್ದರು. ಹುಡುಗಿ ಮೊದಲು ಹತ್ತಿದಳು, ನಮಸ್ಕಾರ ಟೀಚರ ಎಂದಳು. ಅವಳ ಹಿಂದೆ ಹೊಸ ಯೂನಿಫಾರ್ಮಿನಲ್ಲಿ ಇಬ್ಬರು, ಅವಳಿಗಿಂತ ಎತ್ತರದವರು. ಗುರುತು ಸಿಗಲು ತುಸು ಹೊತ್ತು ಬೇಕಾಯಿತು. ಅವಳಿಗಿಂತ ಒಂದು ವರ್ಷ ಮೊದಲೇ ಏಳನೆಯದನ್ನು ಮುಗಿಸಿದವರು. ಒಂದು ವರ್ಷ ತೊಟ್ಟು ಬಿಡಿಸಿ, ಈಗ ಅವರೂ ಎಂಟನೆಯದಕ್ಕೆ ಹೊರಟಿದ್ದರು. ಅವರ ಟೀಸಿಯನ್ನು ನಾನೇ ಬರೆದು ಕೊಟ್ಟಿದ್ದೆ. ಮುಂದೆ ಯಾವ ಶಾಲೆಗೆ ಎಂದು ಆಗ ಕೇಳಿರಲಿಲ್ಲ.

ಅವರಲ್ಲಿ ಒಬ್ಬಳು ನನ್ನ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತಳು. ನಾನು ಸರಿದು ಜಾಗ ಮಾಡಿ, "ಕುಂದ್ರವಾ," ಎಂದೆ.

"ಇರ್ಲಿ ಬಿಡ್ರಿ," ಎಂದು ಅವಳು ಕಿಟಕಿಯಾಚೆ ನೋಡಿದಳು.

ನನ್ನ ಶಾಲೆಯ ಊರು ಬರುವವರೆಗೂ ಆ ಸೀಟು ಖಾಲಿಯೇ ಇತ್ತು.